ಆಲದಮರಕ್ಕೆ ಪಾಟೀ ಸವಾಲು

ನಮ್ಮ ಸಿನಿಮಾಗಳ ಕೋರ್ಟು ಸೀನು ಹೆಂಗಿರುತ್ತೆ ಅಂತ ನಿಮಗೂ ಗೊತ್ತು. ನಾಯಕ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿರ್ತಾನೆ, ಜಡ್ಜು ತೀರ್ಪು ಓದೋಕೆ ಕನ್ನಡಕ ಹಾಕ್ಕೊಳ್ತಾರೆ, ಅಷ್ಟರಲ್ಲಿ ಹಿಂದಿನ ಬಾಗಿಲು ದಬಾರನೆ ತೆರೆದು ಯಾರೋ ಒಬ್ಬರು "ನಿಲ್ಲಿಸಿ!" ಅಂತ ಓಡಿ ಬರ್ತಾರೆ. ಹಂಗೆ ಬಂದವರ ಹೆಸರು ಸಾಕ್ಷಿ ಪಟ್ಟಿಯಲ್ಲಿ ಇತ್ತಾ, ಅವರಿಂದ ಪ್ರಮಾಣ ಮಾಡಿಸಿದ್ರಾ, ಎದುರು ಪಕ್ಷದ ವಕೀಲರು ಒಂದು ಪ್ರಶ್ನೆನಾದ್ರೂ ಕೇಳಿದ್ರಾ, ಒಂದೂ ಇಲ್ಲ. ಬಂದೋರು ಹೇಳಿದ್ದೇ ಸತ್ಯ. ಕೇಸು ಖುಲಾಸೆ.

ನನ್ನ ತಕರಾರು ಇದು ಸುಳ್ಳು ಅನ್ನೋದಲ್ಲ. ಸಿನಿಮಾ ಸುಳ್ಳು ಹೇಳ್ಲಿ, ಅದಕ್ಕೇ ದುಡ್ಡು ಕೊಟ್ಟು ಹೋಗ್ತೀವಿ. ಕಾನೂನಿನ ಕ್ರಮವನ್ನು ಬಿಟ್ಟ ಕೂಡಲೇ ನಾಟಕವೂ ಕೈಬಿಟ್ಟು ಹೋಗುತ್ತೆ ಅನ್ನೋದು ನನ್ನ ತಕರಾರು. ಕೋರ್ಟಿನಲ್ಲಿ ಯಾರು ಮೊದಲು ಮಾತಾಡಬೇಕು, ಏನು ಕೇಳಬಹುದು, ಯಾವಾಗ ಸುಮ್ಮನಿರಬೇಕು ಅನ್ನೋ ನಿಯಮಗಳಿವೆಯಲ್ಲ, ಉಸಿರು ಬಿಗಿ ಹಿಡಿಸೋದು ಅವೇ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಸಿಎಸ್‌ಪಿ ಎದ್ದು ನಿಂತರೆ ನಮ್ಮೂರಿನ ಮನೆಗಳಲ್ಲಿ ಒಲೆ ಮೇಲಿನ ಸಾರು ಉಕ್ಕಿದರೂ ಯಾರೂ ಏಳ್ತಿರಲಿಲ್ಲ. ಆ ವಕೀಲ ಕೂಗಾಡ್ತಿರಲಿಲ್ಲ, ಬರೀ ಪ್ರಶ್ನೆ ಕೇಳ್ತಿದ್ದರು.

ಆದರೆ ಈ ಸಲ ಬರೆಯೋಕೆ ಹೊರಟಿದ್ದು ಧಾರಾವಾಹಿ ಬಗ್ಗೆ ಅಲ್ಲ. ಕನ್ನಡದಲ್ಲಿ ನಾನು ಓದಿರೋ ಅತ್ಯುತ್ತಮ ಕೋರ್ಟು ಸೀನು ಸಾವಿರ ವರ್ಷ ಹಳೆಯದು, ಮತ್ತು ಅದನ್ನ ನಿಮ್ಮಲ್ಲಿ ಬಹಳ ಜನ ಹತ್ತನೇ ಕ್ಲಾಸಿನಲ್ಲಿ ಕಂಠಪಾಠ ಮಾಡಿ ಮರೆತಿದೀರಿ. ದುರ್ಗಸಿಂಹನ 'ಪಂಚತಂತ್ರ'ದಿಂದ ಆರಿಸಿದ 'ವೃಕ್ಷಸಾಕ್ಷಿ'. ಹೊಸದುರ್ಗ, ಹೊಳಲ್ಕೆರೆ ಕಡೆಯ ಹೈಸ್ಕೂಲುಗಳಲ್ಲಿ ಅದನ್ನ "ಸಂದರ್ಭ ಸಹಿತ ವಿವರಿಸಿ" ಅನ್ನೋ ಪ್ರಶ್ನೆಗೋಸ್ಕರ ಓದಿಸ್ತಾರೆ. ಹಳಗನ್ನಡ ಅಂತ ಹೆದರಿ ಗೈಡು ನೋಡಿ ಬರೆದು ಮೂರು ಮಾರ್ಕು ತಗೊಂಡು ಮುಂದೆ ಹೋಗ್ತೀವಿ. ಅದೊಂದು ವ್ಯಾಜ್ಯದ ಕಡತ ಅಂತ ಯಾರೂ ಹೇಳಲ್ಲ.

ಕಥೆ ನೆನಪು ಮಾಡಿಕೊಳ್ಳೋಣ. ಧರ್ಮಬುದ್ಧಿ, ದುಷ್ಟಬುದ್ಧಿ ಅಂತ ಇಬ್ಬರು ವರ್ತಕರು. ಪರದೇಶಕ್ಕೆ ಹೋಗಿ ಜೊತೆಯಲ್ಲಿ ವ್ಯಾಪಾರ ಮಾಡಿ ಚೆನ್ನಾಗಿ ಹೊನ್ನು ಗಳಿಸಿ ವಾಪಸ್ ಬರ್ತಾರೆ. ಊರ ಹೊರಗೆ ಬಂದಾಗ ಧರ್ಮಬುದ್ಧಿ, ಇಲ್ಲೇ ಹಂಚಿಕೊಳ್ಳೋಣ ಅಂತಾನೆ. ದುಷ್ಟಬುದ್ಧಿ ಒಪ್ಪಲ್ಲ. ಈಗ ಬೇಕಾದಷ್ಟು ಮಾತ್ರ ತಗೊಂಡು ಉಳಿದದ್ದನ್ನ ಈ ಆಲದಮರದ ಬುಡದಲ್ಲಿ ಹೂತಿಡೋಣ ಅಂತಾನೆ. ಆಮೇಲೆ ರಾತ್ರಿ ಒಬ್ಬನೇ ಬಂದು ಎಲ್ಲ ಹೊನ್ನನ್ನೂ ತೆಗೆದುಕೊಂಡು ಗುಂಡಿ ಮುಚ್ಚಿ ಹೋಗ್ತಾನೆ. ಕೆಲವು ದಿನ ಬಿಟ್ಟು ತಾನೇ ಬಂದು, ಖರ್ಚಿಗೆ ಬೇಕು ಬಾ ತೆಗೆಯೋಣ ಅಂತ ಕರಕೊಂಡು ಹೋಗಿ, ಗುಂಡಿ ಖಾಲಿ ಇದ್ದದ್ದು ಕಂಡ ತಕ್ಷಣ ಅವನೇ ಮೊದಲು ಬಾಯಿ ಮಾಡ್ತಾನೆ: ಕದ್ದವನು ನೀನೇ!

ಈ 'ಮೊದಲು' ಅನ್ನೋದೇ ದುಷ್ಟಬುದ್ಧಿಯ ಲೆಕ್ಕಾಚಾರ. ಇಬ್ಬರಿಗೂ ಜಾಗ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ, ಬರವಣಿಗೆಯಲ್ಲಿ ಏನೂ ಇಲ್ಲ. ಇಂಥ ವ್ಯಾಜ್ಯದಲ್ಲಿ ಯಾರು ವಾದಿ ಆಗ್ತಾರೆ ಅನ್ನೋದೇ ಅರ್ಧ ಕೇಸು. ಅವನು ನ್ಯಾಯಾಧಿಕಾರಿಗಳ ಮುಂದೆ ಹೋಗಿ ದೂರು ಕೊಡ್ತಾನೆ. ಧರ್ಮಬುದ್ಧಿ ನಾನು ಕದ್ದಿಲ್ಲ ಅಂತಾನೆ. ಅಷ್ಟೇ, ಅವನ ಹತ್ತಿರ ಹೇಳೋಕೆ ಇನ್ನೇನೂ ಇಲ್ಲ. ಮಾಡದೇ ಇರೋ ಕೆಲಸಕ್ಕೆ ಪುರಾವೆ ತರೋದು ಹೆಂಗೆ?

ದುರ್ಗಸಿಂಹ ಕಲ್ಯಾಣಿ ಚಾಲುಕ್ಯರ ಜಯಸಿಂಹ ಜಗದೇಕಮಲ್ಲನ ಹತ್ತಿರ ಸಂಧಿವಿಗ್ರಹಿಯಾಗಿದ್ದವನು. ಅಂದರೆ ಯುದ್ಧ, ಒಪ್ಪಂದದ ಖಾತೆ ನೋಡಿಕೊಳ್ಳೋ ಅಧಿಕಾರಿ, ದಿನಾ ಕಾಗದಪತ್ರದ ನಡುವೆ ಇದ್ದವನು. ಜಯಸಿಂಹನ ಮೊಮ್ಮಗ ಆರನೇ ವಿಕ್ರಮಾದಿತ್ಯನ ಕಾಲಕ್ಕೆ ಅದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ. ನಮ್ಮ ಕಡೆ ಇವತ್ತಿಗೂ ಪಿತ್ರಾರ್ಜಿತ ಜಮೀನಿನ ಪಾಲಿನ ದಾವೆ ಹಾಕಿದರೆ ವಕೀಲರ ಬಾಯಲ್ಲಿ 'ಮಿತಾಕ್ಷರ ಕುಟುಂಬ' ಅನ್ನೋ ಮಾತು ಬಂದೇ ಬರುತ್ತೆ. ಯಾಜ್ಞವಲ್ಕ್ಯ ವ್ಯವಹಾರಕ್ಕೆ, ಅಂದರೆ ವ್ಯಾಜ್ಯಕ್ಕೆ, ನಾಲ್ಕು ಕಾಲು ಅಂತಾನೆ: ದೂರು, ಅದಕ್ಕೆ ಉತ್ತರ, ಪುರಾವೆ, ತೀರ್ಪು. ಪುರಾವೆಯಲ್ಲಿ ಬರಹ, ಭೋಗ, ಸಾಕ್ಷಿ ಅಂತ ಮೂರು. ಈ ಮೂರೂ ಇಲ್ಲದಿದ್ದರೆ ಮಾತ್ರ ದಿವ್ಯ, ಅಂದರೆ ಬೆಂಕಿ, ನೀರು, ತಕ್ಕಡಿ ಇಂಥದರ ಮೂಲಕ ದೇವರನ್ನೇ ಕೇಳೋದು.

ಈ ಪಟ್ಟಿ ಇಟ್ಕೊಂಡು ನಮ್ಮ ಕೇಸು ನೋಡಿ. ಬರಹ ಇಲ್ಲ. ಹೂತಿಟ್ಟ ಹೊನ್ನಿಗೆ ಭೋಗದ ಪ್ರಶ್ನೆ ಇಲ್ಲ. ಉಳಿದದ್ದು ಸಾಕ್ಷಿ. ನ್ಯಾಯಾಧಿಕಾರಿಗಳು ಸಾಕ್ಷಿ ಉಂಟೋ ಅಂತ ಕೇಳೋದು ಕ್ರಮದ ಪ್ರಕಾರ ಸರಿಯಾದ ಮುಂದಿನ ಹೆಜ್ಜೆ. ಆಗ ದುಷ್ಟಬುದ್ಧಿ ಹೇಳ್ತಾನೆ: ಉಂಟು, ಆ ಆಲದಮರವೇ ಸಾಕ್ಷಿ.

ಇಡೀ ಸಭೆ ಬೆರಗಾಗುತ್ತೆ. ಎಂಥ ಜಾಣತನ ನೋಡಿ. ಮನುಷ್ಯ ಸಾಕ್ಷಿ ತಂದಿದ್ದರೆ ಅವನನ್ನ ಪ್ರಶ್ನೆ ಮಾಡಬಹುದಿತ್ತು. ದಿವ್ಯ ಕೇಳಿದ್ದರೆ ತಾನೂ ಬೆಂಕಿಗೆ ಕೈ ಇಡಬೇಕಾಗಿ ಬರಬಹುದಿತ್ತು. ಮರ ಎರಡರ ಮಧ್ಯೆ ಇದೆ. ಅದು ಸಾಕ್ಷಿಯ ಹಾಗೆ ಮಾತಾಡುತ್ತೆ, ಆದರೆ ದೇವರ ಹಾಗೆ ಯಾರೂ ಅದಕ್ಕೆ ಎದುರು ಪ್ರಶ್ನೆ ಹಾಕೋ ಹಂಗಿಲ್ಲ. ಸಿನಿಮಾದ ಹಠಾತ್ ಸಾಕ್ಷಿ ಬಾಗಿಲು ಒದ್ದು ಹೊರಗಿನಿಂದ ಬರುತ್ತೆ. ಈ ಸಾಕ್ಷಿ ಕಾನೂನಿನ ಪಟ್ಟಿಯಲ್ಲಿದ್ದ ಒಂದು ಸಂದಿಯಿಂದಲೇ ಒಳಗೆ ಬಂತು. ಅದಕ್ಕೇ ಇದು ಎಷ್ಟೋ ಪಾಲು ಮೇಲು.

ಆಮೇಲೆ ನ್ಯಾಯಾಧಿಕಾರಿಗಳು ಮಾಡೋ ಕೆಲಸ ಇನ್ನೂ ಚೆನ್ನಾಗಿದೆ. ಇವತ್ತು ಹೊತ್ತಾಯ್ತು, ನಾಳೆ ಹೋಗಿ ಮರವನ್ನೇ ಕೇಳೋಣ ಅಂತಾರೆ. ವಾಯಿದೆ! ತಾಲ್ಲೂಕು ಕೋರ್ಟಿನ ಹೊರಗೆ ಬೇವಿನಮರದ ಕೆಳಗೆ ಕಾದವರಿಗೆಲ್ಲ ಈ ಪದದ ರುಚಿ ಗೊತ್ತು. ಆದರೆ ಇಲ್ಲಿ ವಾಯಿದೆ ಬರೀ ಬೇಸರ ಅಲ್ಲ, ಅದೇ ಕಥೆಯ ಇಂಜಿನ್ನು. ಸಾಕ್ಷಿಯ ಹೆಸರು ಹೇಳಿದ್ದಕ್ಕೂ ಸಾಕ್ಷಿಯನ್ನ ಕೇಳೋದಕ್ಕೂ ಮಧ್ಯೆ ಒಂದು ರಾತ್ರಿ ಬಿಟ್ಟರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಪರೀಕ್ಷೆ ಮಾಡೋ ಕ್ಷಣಕ್ಕೂ ಬಳಸೋ ಕ್ಷಣಕ್ಕೂ ಸಂದು ಬಿಟ್ಟರೆ ಕಳ್ಳ ನುಗ್ಗೋದು ಅಲ್ಲೇ ಅಂತ ಹೊಸಬರಿಗೆ ಹೇಳಿಕೊಡ್ತೀವಿ. ದುಷ್ಟಬುದ್ಧಿ ಅದೇ ಸಂದಿಯಲ್ಲಿ ಅಪ್ಪನನ್ನ ನುಗ್ಗಿಸ್ತಾನೆ.

ಅಪ್ಪನ ಹೆಸರು ಪ್ರೇಮಮತಿ. ಮಗ ಬಂದು, ನೀನು ಮರದ ಪೊಟರೆಯಲ್ಲಿ ಅಡಗಿ ಕೂತು 'ಧರ್ಮಬುದ್ಧಿಯೇ ತೆಗೆದುಕೊಂಡ' ಅಂತ ಹೇಳಬೇಕು ಅಂತಾನೆ. ಅಪ್ಪ ಸುಮ್ಮನೆ ಒಪ್ಪಲ್ಲ, ಇದು ನಮ್ಮ ಮನೆತನವನ್ನೇ ಹಾಳು ಮಾಡೋ ಆಲೋಚನೆ ಅಂತ ಬುದ್ಧಿ ಹೇಳ್ತಾನೆ. ಕೊನೆಗೆ ಹೋಗ್ತಾನೆ. ಮಗ ಅಲ್ವಾ.

ಇಲ್ಲಿ ಒಂದು ಮಾತು. ಮರದೊಳಗೆ ಯಾರಿದ್ದಾರೆ ಅನ್ನೋದನ್ನ ದುರ್ಗಸಿಂಹ ನಮಗೆ ಮೊದಲೇ ಹೇಳಿಬಿಡ್ತಾನೆ. ಮುಚ್ಚಿಟ್ಟು ಕೊನೆಗೆ ಬಿಚ್ಚಿದ್ದರೆ ಇನ್ನೂ ಮಜಾ ಇರ್ತಿತ್ತು ಅಂತ ಗೆಳೆಯನೊಬ್ಬ ವಾದ ಮಾಡಿದ. ನಾನು ಒಪ್ಪಲ್ಲ. ಮುಚ್ಚಿಟ್ಟಿದ್ದರೆ ನಾವು ಬೆರಗಾಗೋದು ಒಂದೇ ಕ್ಷಣ. ಹೇಳಿಬಿಟ್ಟಿದ್ದರಿಂದ ಮಾರನೇ ಬೆಳಗ್ಗೆ ಎಲ್ಲರೂ ಮರಕ್ಕೆ ಪೂಜೆ ಮಾಡಿ ನಿಂತಾಗ, ಪೊಟರೆಯಿಂದ ದನಿ ಬಂದಾಗ, ನಮ್ಮ ಕಣ್ಣೆಲ್ಲ ಧರ್ಮಬುದ್ಧಿಯ ಮುಖದ ಮೇಲಿರುತ್ತೆ. ಇವನು ಈಗ ಏನು ಮಾಡ್ತಾನೆ? ದೇವರಿಗೆ ಪಾಟೀ ಸವಾಲು ಹಾಕೋದು ಹೆಂಗೆ?

ಪಾಟೀ ಸವಾಲು ಅಂದರೇನು ಅಂತ ನಾನು ನೋಡಿದ್ದು ನಮ್ಮ ಮನೆಯ ಪಾಲಿನ ದಾವೆಯಲ್ಲಿ, ನಮ್ಮ ಕಡೆಯದೇ ಒಂದು ಸಿವಿಲ್ ಕೋರ್ಟಿನಲ್ಲಿ. ಸಿನಿಮಾದ ಅಬ್ಬರ ಏನೂ ಇರಲಿಲ್ಲ. ಸಿವಿಲ್ ಕೇಸಿನಲ್ಲಿ ಮುಖ್ಯ ವಿಚಾರಣೆ ಈಗ ಬಾಯಲ್ಲಿ ನಡೆಯೋದೇ ಕಡಿಮೆ. ಸಾಕ್ಷಿ ಏನು ಹೇಳಬೇಕೋ ಅದನ್ನ ಪ್ರಮಾಣ ಪತ್ರವಾಗಿ ಬರೆದು ಕೊಡ್ತಾರೆ. ಹಂಗಾಗಿ ಜೀವಂತವಾಗಿ ನಡೆಯೋದು ಪಾಟೀ ಸವಾಲು ಮಾತ್ರ. ಅದನ್ನ ಬರಕೊಳ್ಳೋ ರೀತಿ ವಿಚಿತ್ರ. ವಕೀಲರ ಪ್ರಶ್ನೆ ಸಾಮಾನ್ಯವಾಗಿ ಕಾಗದದ ಮೇಲೆ ಬರಲ್ಲ. ಪ್ರಶ್ನೆ, ಉತ್ತರ ಎರಡನ್ನೂ ಕಲಸಿ ಸಾಕ್ಷಿಯೇ ಹೇಳಿದ ಹಾಗೆ "ಎಂದರೆ ಸರಿ", "ಎಂದರೆ ಸರಿಯಲ್ಲ" ಅಂತ ಟೈಪ್ ಮಾಡ್ತಾರೆ.

ಎದುರು ಪಕ್ಷದವರು ಒಬ್ಬ ವಯಸ್ಸಾದವರನ್ನ ಸಾಕ್ಷಿಗೆ ತಂದಿದ್ದರು. ನಮ್ಮ ತಾತನ ಕಾಲದಲ್ಲೇ ಬಾಯಿಮಾತಿನಲ್ಲಿ ಪಾಲಾಗಿತ್ತು, ಆ ಪಂಚಾಯ್ತಿಯಲ್ಲಿ ನಾನೂ ಕೂತಿದ್ದೆ ಅನ್ನೋದು ಅವರ ಮಾತು. ಅದು ನಿಂತುಬಿಟ್ಟರೆ ನಮ್ಮಪ್ಪನ ಪಾಲಿಗೆ ಬರೋದು ಬರೀ ಕಲ್ಲುಭೂಮಿ. ನಮ್ಮ ವಕೀಲರು ಆ ಪಂಚಾಯ್ತಿ ಬಗ್ಗೆ ಕೇಳಲೇ ಇಲ್ಲ. ನಿಮ್ಮ ಮಕ್ಕಳು ಎಷ್ಟು ಜನ, ದೊಡ್ಡವನು ಎಲ್ಲಿ ಹುಟ್ಟಿದ, ದಾವಣಗೆರೆಯಲ್ಲೇ ಯಾಕೆ ಹುಟ್ಟಿದ, ಹತ್ತಿ ಮಿಲ್ಲಿನಲ್ಲಿ ಎಷ್ಟು ವರ್ಷ ಇದ್ರಿ, ರಜೆ ಯಾವಾಗ ಸಿಗ್ತಿತ್ತು, ಹಬ್ಬಕ್ಕೆ ಮಾತ್ರ ಊರಿಗೆ ಬರ್ತಿದ್ರಾ. ಯಜಮಾನರು ಖುಷಿಯಾಗಿ ಉತ್ತರ ಕೊಟ್ಟರು, ಮಿಲ್ಲಿನ ಕಾಲದ ಬಗ್ಗೆ ಅವರಿಗೂ ಅಭಿಮಾನ. ಎಲ್ಲ ಬಾಗಿಲು ಮುಚ್ಚಿದ ಮೇಲೆ ವಕೀಲರು ಪಂಚಾಯ್ತಿಯ ವರ್ಷ ಕೇಳಿದರು. ಅದು ಮಿಲ್ಲಿನ ವರ್ಷಗಳ ನಡುವೆ ಬಿತ್ತು. ತಿಂಗಳು ಕೇಳಿದರು. ಹಬ್ಬ ಇಲ್ಲದ ತಿಂಗಳು. ಅಲ್ಲಿಗೆ ನಿಲ್ಲಿಸಿ "ಆಯ್ತು ಸ್ವಾಮಿ" ಅಂತ ಕೂತುಬಿಟ್ಟರು. ಹಂಗಾದರೆ ನೀವು ಸುಳ್ಳು ಹೇಳ್ತಿದೀರಾ ಅಂತ ಕೇಳಲಿಲ್ಲ. ಕೇಳಿದ್ದರೆ, ಅವತ್ತು ಜ್ವರ ಅಂತ ಊರಿಗೆ ಬಂದಿದ್ದೆ ಅಂತ ಯಜಮಾನರು ಒಂದು ಕಿಂಡಿ ಮಾಡಿಕೊಳ್ತಿದ್ದರು.

ಕೊನೆಯ ಆ ಒಂದು ಪ್ರಶ್ನೆ ಕೇಳಬಾರದು ಅನ್ನೋದನ್ನ ಜಗತ್ತಿನ ಅತಿ ಒಳ್ಳೆಯ ಕೋರ್ಟು ಸಿನಿಮಾ ಒಂದು ಇಡೀ ಕಥೆಯ ತುದಿಯಲ್ಲಿ ಇಟ್ಟಿದೆ. ಆಟೋ ಪ್ರೆಮಿಂಜರ್ 1959ರಲ್ಲಿ ಮಾಡಿದ 'ಅನಾಟಮಿ ಆಫ್ ಎ ಮರ್ಡರ್'. ಮೂಲ ಕಾದಂಬರಿ ಬರೆದವರು ಮಿಶಿಗನ್ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು, ಬೇರೆ ಹೆಸರಿನಲ್ಲಿ ಬರೆದರು. ಸಿನಿಮಾದಲ್ಲಿ ಜಡ್ಜ್ ಪಾತ್ರ ಮಾಡಿದ ಜೋಸೆಫ್ ವೆಲ್ಚ್ ನಿಜವಾಗಿಯೂ ವಕೀಲರು. ಅದರಲ್ಲಿ ಕೊನೇ ಗಳಿಗೆಯಲ್ಲಿ ಮೇರಿ ಪಿಲಂಟ್ ಅನ್ನೋ ಹೆಣ್ಣುಮಗಳು ಬಂದು, ಎಲ್ಲರೂ ಹುಡುಕುತ್ತಿದ್ದ ಹರಿದ ಒಳಉಡುಪು ಹೋಟೆಲಿನ ಬಟ್ಟೆ ಒಗೆಯೋ ಕಡೆ ಸಿಕ್ಕಿತು ಅಂತ ಹಾಜರು ಮಾಡ್ತಾಳೆ. ಸರ್ಕಾರಿ ಪಕ್ಷದ ಡ್ಯಾನ್ಸರ್ ಅವಳ ಮೈಮೇಲೆ ಬಿದ್ದ ಹಾಗೆ ಹತ್ತಿರ ಬಂದು, ನೀನು ಸತ್ತವನ ಪ್ರೇಯಸಿ, ಅಸೂಯೆಯಿಂದ ಇದನ್ನ ತಂದಿದೀಯ ಅಂತ ಒತ್ತಿ ಒತ್ತಿ ಕೇಳ್ತಾನೆ. ಅವಳು ಹೇಳ್ತಾಳೆ, ಸತ್ತವನು ನನ್ನ ತಂದೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿ ಡ್ಯಾನ್ಸರ್ ಕುಸಿದು ಹೋಗ್ತಾನೆ.

ಅಲ್ಲೂ ಕಡೆಗೆ ಹೊರಗೆ ಬಿದ್ದದ್ದು ಒಬ್ಬ ಅಪ್ಪ. ಆಲದಮರದಿಂದ ಬಿದ್ದದ್ದೂ ಅಪ್ಪನೇ. ಕಾಕತಾಳೀಯ ಇರಬಹುದು, ಆದರೆ ನನಗೆ ಅನ್ನಿಸೋದು, ಸಾಕ್ಷಿ ಯಾರು ಅನ್ನೋದಕ್ಕಿಂತ ಸಾಕ್ಷಿ ಯಾರಿಗೆ ಏನಾಗಬೇಕು ಅನ್ನೋದನ್ನೇ ಒಳ್ಳೆಯ ಪಾಟೀ ಸವಾಲು ಹುಡುಕೋದು.

ಈಗ ಧರ್ಮಬುದ್ಧಿ ಕಡೆ ಬನ್ನಿ. ಮರ ಅವನ ವಿರುದ್ಧ ಹೇಳಿಯಾಗಿದೆ. ಅವನು ಅಳಲ್ಲ, ನಾನು ನಿರಪರಾಧಿ ಅಂತ ಡೈಲಾಗು ಹೊಡೆಯಲ್ಲ. ಮರವನ್ನ ಒಂದು ಸುತ್ತು ಹಾಕಿ ನೋಡ್ತಾನೆ. ದೊಡ್ಡ ಪೊಟರೆ ಕಾಣುತ್ತೆ, ಅದರಲ್ಲಿ ಮನುಷ್ಯ ಓಡಾಡಿದ ಗುರುತು ಕಾಣುತ್ತೆ. ಸ್ಥಳ ತನಿಖೆ! ನಮ್ಮ ಕಾನೂನಿನಲ್ಲೂ ಜಡ್ಜು ಬೇಕಿದ್ದರೆ ಜಾಗಕ್ಕೆ ಹೋಗಿ ನೋಡಬಹುದು. ಇಲ್ಲಿ ನ್ಯಾಯಾಧಿಕಾರಿಗಳು ಜಾಗಕ್ಕೆ ಬಂದಿದ್ದಾರೆ, ಆದರೆ ಕೈಮುಗಿದು ನಿಂತು ಕೇಳಿದರೇ ಹೊರತು ಕಣ್ಣು ಬಿಟ್ಟು ನೋಡಲಿಲ್ಲ. ನೋಡಿದವನು ಪ್ರತಿವಾದಿ. ಆಮೇಲೆ ಅವನು ಪೊಟರೆಗೆ ಹುಲ್ಲು ತುಂಬಿ ಬೆಂಕಿ ಹಾಕ್ತಾನೆ. ಈ ಕಥೆಯ ಹಳೆಯ ಸಂಸ್ಕೃತ ರೂಪವೊಂದರಲ್ಲಿ ಅದಕ್ಕೆ ಒಂದು ನೆಪವೂ ಇದೆ: ಹೌದು, ನಾನೇ ತೆಗೆದು ಈ ಪೊಟರೆಯಲ್ಲಿಟ್ಟೆ, ಮೇಲೆ ದೊಡ್ಡ ಹಾವು ಕೂತಿದೆ, ಹೊಗೆ ಹಾಕಿ ಓಡಿಸಿ ತಂದುಕೊಡ್ತೀನಿ. ಇದು ನಮ್ಮ ವಕೀಲರು ಮಿಲ್ಲಿನ ಬಗ್ಗೆ ಕೇಳಿದಂಥದ್ದೇ. ಎದುರು ಸಾಕ್ಷಿಯ ಮಾತನ್ನ ಒಪ್ಪಿಕೊಂಡ ಹಾಗೆ ಮಾಡಿ ಅವನ ಬಾಗಿಲು ಮುಚ್ಚೋದು. ಮರ ನಿಜ ಹೇಳಿದ್ದರೆ ಹೊಗೆಯಿಂದ ಅದಕ್ಕೇನೂ ಆಗಲ್ಲ.

ಹೊಗೆ ತಡೆಯಲಾರದೆ ಪ್ರೇಮಮತಿ ಕೂಗಿಕೊಂಡು ಹೊರಗೆ ಬಿದ್ದು ಸಾಯ್ತಾನೆ.

ಮೆಚ್ಚಿಕೊಳ್ತಾನೇ ಒಂದು ಕೊರತೆ ಹೇಳಲೇಬೇಕು. ಹೆಸರುಗಳು ಕೇಸನ್ನ ಮೊದಲೇ ತೀರ್ಮಾನ ಮಾಡಿಬಿಟ್ಟಿವೆ. ದುಷ್ಟಬುದ್ಧಿ ಅಂತ ಹೆಸರಿದ್ದವನನ್ನ ಯಾರೂ ವಿಚಾರಿಸೋದೇ ಬೇಡ ಅಂತ ಕವಿಗೂ ಅನ್ನಿಸಿರಬೇಕು. ಕಟಕಟೆಗೆ ಹತ್ತಬೇಕಾಗಿದ್ದ ಮೊದಲ ಸಾಕ್ಷಿ ಮರ ಅಲ್ಲ, ಅವನೇ. ನಮ್ಮ ತಾಲ್ಲೂಕಿನ ಯಾವುದಾದರೂ ಹಳೇ ವಕೀಲರು ಅರ್ಧ ಗಂಟೆ ಅವನ ಪಾಟೀ ಸವಾಲು ಮಾಡಿದ್ದರೆ ಕಡತದಲ್ಲಿ ಹೀಗೆ ಬರ್ತಿತ್ತು:

"ಹೊನ್ನನ್ನು ಅಲ್ಲಿಯೇ ಹಂಚಿಕೊಳ್ಳೋಣವೆಂದು ಪ್ರತಿವಾದಿಯು ಹೇಳಿದ್ದನು ಎಂದರೆ ಸರಿ. ಬೇಡ, ಹೂತಿಡೋಣ ಎಂದು ಹೇಳಿದವನು ನಾನೇ ಎಂದರೆ ಸರಿ. ಮತ್ತೆ ತೆಗೆಯಲು ಪ್ರತಿವಾದಿಯನ್ನು ಕರೆದವನು ಸಹ ನಾನೇ ಎಂದರೆ ಸರಿ. ಪ್ರತಿವಾದಿಯು ಹೊನ್ನು ತೆಗೆಯುವುದನ್ನು ನಾನು ಕಣ್ಣಾರೆ ನೋಡಿಲ್ಲ. ಸದರಿ ಆಲದಮರವು ಮಾತನಾಡಿದ್ದನ್ನು ನಾನು ಈ ಹಿಂದೆ ಕೇಳಿಲ್ಲ. ಅದು ಮಾತನಾಡುತ್ತದೆ ಎಂದು ನನಗೆ ಹೇಗೆ ತಿಳಿಯಿತು ಎಂದರೆ ಹೇಳಲು ಆಗುವುದಿಲ್ಲ. ನನ್ನ ತಂದೆ ನನ್ನ ಜೊತೆಯಲ್ಲಿಯೇ ವಾಸವಿದ್ದಾರೆ ಎಂದರೆ ಸರಿ. ಈ ದಿನ ಅವರು ಎಲ್ಲಿದ್ದಾರೆ ಎಂದರೆ ನನಗೆ ಗೊತ್ತಿಲ್ಲ."

ಅಲ್ಲಿಗೆ ನಿಲ್ಲಿಸಬೇಕು. ಮುಂದಿನ ಪ್ರಶ್ನೆ ಬೇಡ. ಬೆಂಕಿಯೂ ಬೇಡ, ಒಬ್ಬ ಅಮೀನನನ್ನ ಪೊಟರೆ ಹತ್ತಿರ ಕಳಿಸಿದ್ದರೆ ಸಾಕಿತ್ತು, ಮುದುಕ ಬದುಕ್ತಿದ್ದ.

ಇವತ್ತಿನ ಕೋರ್ಟಿಗೆ ಈ ಮರ ಬರೋಕೆ ಆಗ್ತಿರಲಿಲ್ಲ. ಸಿವಿಲ್ ದಾವೆಯಲ್ಲಿ ವಿವಾದಾಂಶ ರಚನೆಯಾದ ಹದಿನೈದು ದಿನದೊಳಗೆ ಸಾಕ್ಷಿ ಪಟ್ಟಿ ಕೊಡಬೇಕು, ತಡವಾದರೆ ಕಾರಣ ತೋರಿಸಿ ಅನುಮತಿ ಪಡೀಬೇಕು. ಕ್ರಿಮಿನಲ್ ಕೇಸಿನಲ್ಲಿ ಪೊಲೀಸರ ಕಡೆಯ ಸಾಕ್ಷಿಗಳ ಹೆಸರು ದೋಷಾರೋಪ ಪಟ್ಟಿಯಲ್ಲೇ ಇರುತ್ತೆ. ನ್ಯಾಯ ತೀರ್ಮಾನಕ್ಕೆ ಬೇಕೇ ಬೇಕು ಅನ್ನಿಸಿದರೆ ಯಾವ ಹಂತದಲ್ಲಾದರೂ ಯಾರನ್ನಾದರೂ ಕರೆಸೋ ಅಧಿಕಾರ ಕೋರ್ಟಿಗೆ ಇದೆ, ಸಿನಿಮಾದವರು ಅದನ್ನಾದರೂ ಓದಿಕೊಂಡರೆ ಬಾಗಿಲು ಒದೆಯೋ ಕೆಲಸ ಉಳಿಯುತ್ತೆ. ಮತ್ತೆ ಸಾಕ್ಷಿ ಆಗಬೇಕಾದವರು ಕೇಳಿದ ಪ್ರಶ್ನೆ ಅರ್ಥ ಮಾಡಿಕೊಂಡು ಸರಿಯಾದ ಉತ್ತರ ಕೊಡೋ ಶಕ್ತಿ ಇರೋವರಾಗಿರಬೇಕು. 1872ರ ಸಾಕ್ಷ್ಯ ಕಾಯ್ದೆ ಹಂಗೇ ಹೇಳ್ತಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರೋ ಹೊಸ ಕಾಯ್ದೆಯೂ ಹಂಗೇ ಹೇಳುತ್ತೆ. ತಮಾಷೆ ಅಂದರೆ ನಮ್ಮ ಕಾನೂನಿನಲ್ಲಿ ದೇವಸ್ಥಾನದ ದೇವರು ವಾದಿ ಆಗಬಹುದು, ಆಸ್ತಿ ಇಟ್ಕೋಬಹುದು, ದಾವೆ ಹಾಕಬಹುದು. ಆದರೆ ಕಟಕಟೆ ಹತ್ತಿ ಸಾಕ್ಷಿ ಹೇಳೋ ಹಂಗಿಲ್ಲ. ಪಾಟೀ ಸವಾಲಿಗೆ ಸಿಗದವರ ಮಾತನ್ನ ಕೋರ್ಟು ತೂಕಕ್ಕೆ ಇಡೋದು ಕಷ್ಟ.

ಪ್ರೇಮಮತಿಯ ಮೇಲೆ ನನಗೆ ಕೋಪ ಬರಲ್ಲ. ಇಡೀ ಕಡತದಲ್ಲಿ ದುಷ್ಟಬುದ್ಧಿಗೆ ಮುಖದ ಮೇಲೆ ನಿಜ ಹೇಳಿದವನು ಅವನೊಬ್ಬನೇ, ಅದೂ ರಾತ್ರಿ ಮನೆಯೊಳಗೆ, ಬರಕೊಳ್ಳೋಕೆ ಯಾರೂ ಇಲ್ಲದ ಕಡೆ. ಬೆಳಗ್ಗೆ ಅದೇ ಬಾಯಿಂದ ಉಲ್ಟಾ ಹೇಳಿದ. ನಮ್ಮ ಕೇಸಿನ ಆ ಯಜಮಾನರು ಪಾಟೀ ಸವಾಲು ಮುಗಿಸಿ ಹೊರಗೆ ಬಂದಾಗ ನಮ್ಮಪ್ಪನೇ ಅವರಿಗೆ ಟೀ ಕೊಡಿಸಿದರು. "ಏನ್ ಮಾಡ್ಲಪ್ಪ, ಅಳಿಯ ಕರಕೊಂಡು ಬಂದ" ಅಂದರು ಅವರು, ಸಾಸರಿಗೆ ಟೀ ಬಗ್ಗಿಸಿಕೊಳ್ಳುತ್ತಾ.